ಪಟ್ಟಿ ಸ್ಕ್ರಿಪ್ಟ್: ಹೊಸ ಕೆಲಸಕ್ಕೆ ಮುಂಚೆ ಏಳು ದಿನ ಬೇಕು

ಸರ್, ನಮಸ್ಕಾರ.

ಸೋಮವಾರದ ಮೀಟಿಂಗಲ್ಲಿ ನೀವು ಮೂರು ಕೆಲಸ ಹೇಳಿದಿರಿ. ಪ್ರತಿ ರೈತರ ಮಾರಾಟದ ಲೆಕ್ಕದ ಪಟ್ಟಿ ಅವರಿಗೆ ವಾಟ್ಸಾಪ್‌ನಲ್ಲಿ ಹೋಗಬೇಕು, ಬಾಕ್ಸ್ ಅಡ್ವಾನ್ಸ್ ತಾನಾಗಿಯೇ ಕಟ್ ಆಗಬೇಕು, ಬ್ಯಾಂಕಿಗೆ ಹೋಗುವ ಪೇಮೆಂಟ್ ಫೈಲ್ ನೇರವಾಗಿ ಸ್ಕ್ರಿಪ್ಟಿನಿಂದಲೇ ತಯಾರಾಗಬೇಕು. ಮೂರೂ ಬೇಕಾದವೇ. ಟೊಮೆಟೊ ಸೀಸನ್ ಜೋರಾಗುವ ಜುಲೈಗೆ ಮುಂಚೆ ಮುಗಿಯಬೇಕು ಅನ್ನುವುದೂ ಸರಿ. ಆದರೆ ಇವನ್ನು ಶುರು ಮಾಡುವ ಮುಂಚೆ ಈಗಿರುವ `patti.py` ಅನ್ನು ಬಿಚ್ಚಿ ಮತ್ತೆ ಬರೆಯಲು ನನಗೆ ಏಳು ಕೆಲಸದ ದಿನ ಕೊಡಿ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಈ ಸ್ಕ್ರಿಪ್ಟ್ ಚೆನ್ನಾಗಿ ನಡೆಯುತ್ತಿದೆ ಅಂತ ನಮಗೆಲ್ಲ ಅನಿಸುತ್ತದೆ. ಅದಕ್ಕೆ ಕಾರಣ ಸ್ಕ್ರಿಪ್ಟ್ ಅಲ್ಲ, ನಮ್ಮ ಅಕೌಂಟೆಂಟ್ ಮೇಡಂ. ದಿನಾ ಸಂಜೆ ಅವರು ಪ್ರತಿ ಪಟ್ಟಿಯನ್ನೂ ಹರಾಜು ಪುಸ್ತಕದ ಜೊತೆ ಇಟ್ಟು ನೋಡುತ್ತಾರೆ. ತಪ್ಪಿದ್ದರೆ ಕೈಯಿಂದ ತಿದ್ದಿ, ಆಮೇಲೆ ಹಣ ಹಾಕಿಸುತ್ತಾರೆ. ನೀವು ಕೇಳಿರುವ ಹೊಸ ಕೆಲಸ ಬಂದ ಮೇಲೆ ಮಧ್ಯದಲ್ಲಿ ಅವರು ಇರುವುದಿಲ್ಲ. ಪಟ್ಟಿ ನೇರ ರೈತರ ಫೋನಿಗೆ, ಹಣ ನೇರ ಖಾತೆಗೆ. ಹಾಗಿದ್ದಾಗ ಅನುಮಾನ ಬಂದರೆ ನಿಲ್ಲುವ ಬುದ್ಧಿ ಸ್ಕ್ರಿಪ್ಟಿಗೇ ಇರಬೇಕು. ಈಗ ಅದಕ್ಕೆ ಆ ಬುದ್ಧಿ ಇಲ್ಲ.

ಎಲ್ಲಕ್ಕಿಂತ ನನಗೆ ಭಯ ಹುಟ್ಟಿಸಿರುವುದು ಈ ನಾಲ್ಕು ಸಾಲು:

```python
try:
    rate = int(row[7])
except:
    rate = last_rate
```

ಅಂದರೆ, ರೇಟಿನ ಜಾಗ ಖಾಲಿ ಇದ್ದರೆ, ಅಥವಾ ಗುಮಾಸ್ತರು ಅಲ್ಲಿ "260/-" ಅಂತ ಬರೆದಿದ್ದರೆ, ಸ್ಕ್ರಿಪ್ಟ್ ಸುಮ್ನೆ ಮೇಲಿನ ರೈತರ ರೇಟನ್ನೇ ತೆಗೆದುಕೊಂಡು ಮುಂದೆ ಹೋಗುತ್ತದೆ. ಯಾರಿಗೂ ಹೇಳುವುದಿಲ್ಲ. ಒಂದು ಲೆಕ್ಕ ನೋಡಿ. ಒಬ್ಬ ರೈತರ 40 ಬಾಕ್ಸ್ ಮಾಲು, 15 ಕೆಜಿ ಬಾಕ್ಸಿಗೆ 260 ರೂಪಾಯಿಯಂತೆ ಹೋಗಿದೆ. ಅವರ ಮೇಲಿನ ಸಾಲಿನವರದ್ದು ಒಳ್ಳೆ ಮಾಲು, 410ಕ್ಕೆ ಹೋಗಿದೆ. ಇವರ ರೇಟ್ ಓದಲು ಆಗದಿದ್ದರೆ 410 ಬೀಳುತ್ತದೆ. ಒಂದೇ ಪಟ್ಟಿಯಲ್ಲಿ 6,000 ರೂಪಾಯಿ ಜಾಸ್ತಿ ಹೋಯಿತು. ಉಲ್ಟಾ ಆದರೆ ಇನ್ನೂ ಕಷ್ಟ: 410ಕ್ಕೆ ಮಾರಿದ ರೈತರ ಕೈಗೆ 260ರ ಪಟ್ಟಿ ಸಿಗುತ್ತದೆ. ಹರಾಜಿನಲ್ಲಿ ಎದುರಿಗೇ ನಿಂತು ರೇಟ್ ಕೇಳಿಸಿಕೊಂಡವರು ಅವರು. ಒಂದು ಸಲ ಹಾಗಾದರೆ ಮುಂದಿನ ಕೊಯ್ಲನ್ನು ನಮ್ಮ ಮಂಡಿಗೆ ಇಳಿಸುತ್ತಾರಾ? ಊರಲ್ಲೂ ನಾಲ್ಕು ಜನಕ್ಕೆ ಹೇಳುತ್ತಾರೆ.

ಮೇಲಿನ `row[7]` ಕೂಡ ತೊಂದರೆಯೇ. ಎಕ್ಸೆಲ್ ಶೀಟಿನ ಎಂಟನೇ ಕಾಲಂನಲ್ಲಿ ರೇಟ್ ಇರುತ್ತದೆ ಅಂತ ಸ್ಕ್ರಿಪ್ಟ್ ನಂಬಿಕೊಂಡಿದೆ. ಕೋಲಾರ, ವಡ್ಡಹಳ್ಳಿ, ಚಿಂತಾಮಣಿ ಮೂರೂ ಕಡೆಯಿಂದ ಶೀಟ್ ಬರುತ್ತದೆ. ಕಳೆದ ತಿಂಗಳು ಒಂದು ಕಡೆ ಗುಮಾಸ್ತರು ಗ್ರೇಡ್ ಬರೆಯಲು ಒಂದು ಕಾಲಂ ಸೇರಿಸಿದರು. ಒಳ್ಳೆ ಉದ್ದೇಶದಿಂದಲೇ ಮಾಡಿದ್ದು. ಆ ದಿನ ಬಾಕ್ಸ್ ಸಂಖ್ಯೆಯೇ ರೇಟ್ ಆಗಿ ಪಟ್ಟಿ ಬಂತು. ಮೇಡಂ ಹಿಡಿದರು, ಹಾಗಾಗಿ ಹೊರಗೆ ಹೋಗಲಿಲ್ಲ. ಹೊಸದರಲ್ಲಿ ಕಾಲಂ ಹೆಸರು ನೋಡಿ ಓದುತ್ತೇನೆ, ಹೆಸರು ಸಿಗದಿದ್ದರೆ ಆ ಶೀಟನ್ನು ಮುಟ್ಟುವುದೇ ಇಲ್ಲ.

ತಿಂಗಳ ಮೊದಲ ವಾರಗಳಲ್ಲಿ ಕೆಲವು ರೈತರ ಪಟ್ಟಿಯೇ ಬರುವುದಿಲ್ಲ ಅಂತ ಮೇಡಂ ಹೇಳುತ್ತಿರುತ್ತಾರೆ, ನೆನಪಿದೆಯಾ? ಕಾರಣ ಸಿಕ್ಕಿದೆ. ಕೆಲವು ಗುಮಾಸ್ತರು ತಾರೀಕನ್ನು ಅಕ್ಷರವಾಗಿ ಟೈಪ್ ಮಾಡುತ್ತಾರೆ. 04/07 ಅಂದರೆ ನಮಗೆ ಜುಲೈ 4. ಸ್ಕ್ರಿಪ್ಟ್ ಬಳಸುವ ಲೈಬ್ರರಿ ತಿಂಗಳು ಮೊದಲು ಅಂದುಕೊಂಡು ಅದನ್ನು ಏಪ್ರಿಲ್ 7 ಅಂತ ಓದುತ್ತದೆ, ಇವತ್ತಿನದ್ದಲ್ಲ ಅಂತ ಬಿಟ್ಟುಬಿಡುತ್ತದೆ. 13ನೇ ತಾರೀಕಿನಿಂದ ಸರಿಯಾಗುತ್ತದೆ, ಯಾಕೆಂದರೆ 13ನೇ ತಿಂಗಳು ಅಂತ ಇಲ್ಲವಲ್ಲ. ಹಾಗಾಗಿ ಪ್ರತಿ ತಿಂಗಳೂ 12ರವರೆಗೆ ಮೇಡಂ ಕೂತು ತಾರೀಕು ತಿದ್ದುತ್ತಿದ್ದಾರೆ.

ಇನ್ನೊಂದು ದೊಡ್ಡ ವಿಷಯ ಎರಡನೇ ಸಲ ಓಡಿಸುವುದು. ಸ್ಕ್ರಿಪ್ಟ್ ಮಧ್ಯಾಹ್ನ 2:30ಕ್ಕೆ ತಾನಾಗಿ ಶುರುವಾಗುತ್ತದೆ. ಹರಾಜು ತಡವಾಗಿ ಶೀಟ್ ಬರದಿದ್ದರೂ ಶುರುವಾಗುತ್ತದೆ. ಅರ್ಧದಲ್ಲಿ ನೆಟ್ ಹೋದರೆ ಮತ್ತೆ ಓಡಿಸಬೇಕು. ಆಗ ಮೊದಲೇ ಹೋಗಿದ್ದ ಎಸ್ಸೆಮ್ಮೆಸ್ ಮತ್ತೆ ಹೋಗುತ್ತದೆ, ಪೇಮೆಂಟ್ ಪಟ್ಟಿಯಲ್ಲಿ ಅದೇ ಸಾಲು ಎರಡು ಸಲ ಸೇರುತ್ತದೆ. ಎಸ್ಸೆಮ್ಮೆಸ್ ಎರಡು ಸಲ ಹೋದರೆ ಪರವಾಗಿಲ್ಲ. ಹಣ ಎರಡು ಸಲ ಹೋದರೆ ರೈತರ ಮನೆ ಬಾಗಿಲಿಗೆ ಹೋಗಿ ವಾಪಸ್ ಕೇಳಬೇಕು. ನಾವು ಆ ಪರಿಸ್ಥಿತಿಗೆ ಬರಬಾರದು ಸರ್.

ರೈತರನ್ನು ಹುಡುಕುವುದೂ ಹೆಸರು ಮತ್ತು ಊರಿನ ಮೇಲೆ. ಒಂದು ಶೀಟಿನಲ್ಲಿ `Mulbagal`, ಇನ್ನೊಂದರಲ್ಲಿ `Mulbagilu`. ಒಂದೇ ಊರಲ್ಲಿ ಒಂದೇ ಹೆಸರಿನ ಇಬ್ಬರು ಇರುವುದು ನಮ್ಮ ಕಡೆ ಮಾಮೂಲಿ. ಲೆಡ್ಜರ್‌ನಲ್ಲಿ ಪ್ರತಿ ರೈತರಿಗೂ ನಂಬರ್ ಇದೆ, ಹೊಸದರಲ್ಲಿ ಅದನ್ನೇ ಬಳಸೋಣ.

ಇದರ ಮೇಲೆಯೇ ವಾಟ್ಸಾಪ್ ಸೇರಿಸಲು ಆಗುವುದಿಲ್ವಾ ಅಂತ ನೀವು ಕೇಳಬಹುದು. ಸೇರಿಸಬಹುದು, ಎರಡೇ ದಿನದ ಕೆಲಸ. ಆದರೆ ತಪ್ಪು ಪಟ್ಟಿ ಮೇಡಂ ನೋಡುವ ಮುಂಚೆಯೇ ರೈತರ ಕೈಸೇರುತ್ತದೆ. ಇಡೀ ಸ್ಕ್ರಿಪ್ಟ್ ಒಂದೇ ಉದ್ದನೆಯ ಫೈಲ್. ಅಡ್ವಾನ್ಸ್ ಕಟ್ ಮಾಡುವ ಲೆಕ್ಕ ಸೇರಿಸಿದರೆ ಕಮಿಷನ್, ಹಮಾಲಿ ಲೆಕ್ಕಕ್ಕೂ ಕೈ ಹಾಕಬೇಕು. ಎಲ್ಲಿ ಏನು ಕೆಡುತ್ತದೆ ಅಂತ ನೋಡಲು ಇವತ್ತು ಒಂದು ಟೆಸ್ಟೂ ಇಲ್ಲ.

ಏಳು ದಿನ ಹೀಗೆ ಹೋಗುತ್ತದೆ. ಶೀಟ್ ಓದುವುದು, ರೇಟ್ ಮತ್ತು ತಾರೀಕು ಪರೀಕ್ಷೆಗೆ ಎರಡು ದಿನ. ರೈತರ ನಂಬರ್ ಜೋಡಣೆಗೆ ಒಂದು ದಿನ. ಎಷ್ಟು ಸಲ ಓಡಿಸಿದರೂ ಒಂದೇ ಸಲ ಲೆಕ್ಕವಾಗುವ ಹಾಗೆ ಮಾಡಲು ಒಂದು ದಿನ. ಉಳಿದ ಮೂರು ದಿನ ಹಳೆಯದು, ಹೊಸದು ಎರಡನ್ನೂ ಒಂದೇ ಶೀಟಿನ ಮೇಲೆ ಓಡಿಸಿ ರೂಪಾಯಿಗೆ ರೂಪಾಯಿ ತಾಳೆ ನೋಡುತ್ತೇನೆ. ಕಳೆದ ಜುಲೈನ ಶೀಟುಗಳನ್ನೂ ಹಾಕಿ ನೋಡುತ್ತೇನೆ, ಆ ತಿಂಗಳ ಪಟ್ಟಿಗಳನ್ನು ಮೇಡಂ ಆಗಲೇ ತಿದ್ದಿಟ್ಟಿರುವುದರಿಂದ ಸರಿ ಉತ್ತರ ನಮ್ಮ ಹತ್ತಿರ ಇದೆ. ಅಷ್ಟು ದಿನವೂ ಹಳೆಯದೇ ನಡೆಯುತ್ತದೆ, ಯಾವ ರೈತರ ಪಟ್ಟಿಯೂ ನಿಲ್ಲುವುದಿಲ್ಲ. ಎಸ್ಸೆಮ್ಮೆಸ್ ಕಳಿಸುವ ಭಾಗ ಚೆನ್ನಾಗಿದೆ, ಅದರಲ್ಲಿ ಪಾಸ್‌ವರ್ಡ್ ಮಾತ್ರ ಹೊರಗೆ ತೆಗೆಯುತ್ತೇನೆ, ಉಳಿದದ್ದನ್ನು ಮುಟ್ಟುವುದಿಲ್ಲ.

ಏಳು ದಿನ ಖಂಡಿತ ಆಗುವುದಿಲ್ಲ ಅಂದರೆ ಮೂರು ದಿನ ಕೊಡಿ. ರೇಟ್ ಮತ್ತು ತಾರೀಕಿನ ತೊಂದರೆ ಸರಿ ಮಾಡಿ ವಾಟ್ಸಾಪ್ ಒಂದನ್ನು ಸೇರಿಸುತ್ತೇನೆ, ಅದೂ ಮೇಡಂ ಸರಿ ಅಂದ ಮೇಲೆ ಹೋಗುವ ಹಾಗೆ. ಬ್ಯಾಂಕ್ ಫೈಲ್ ಮಾತ್ರ ಹಳೆ ಸ್ಕ್ರಿಪ್ಟಿನ ಮೇಲೆ ಮಾಡುವುದು ಬೇಡ. ಇದೊಂದು ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುತ್ತಿದ್ದೇನೆ.

ನಿಮ್ಮಿಂದ ಎರಡು ಸಹಾಯ ಬೇಕು. ಈ ವಾರದಿಂದ ಶೀಟಿನ ತಲೆಸಾಲು ಬದಲಾಯಿಸಬೇಡಿ ಅಂತ ಮೂರೂ ಕಡೆಯ ಗುಮಾಸ್ತರಿಗೆ ನೀವೇ ಒಂದು ಮಾತು ಹೇಳಿ, ನಾನು ಹೇಳಿದರೆ ಅಷ್ಟು ತೂಕ ಇರುವುದಿಲ್ಲ. ಕೊನೆಯ ಮೂರು ದಿನ ಸಂಜೆ ಮೇಡಂ ಅವರ ಒಂದು ಗಂಟೆ ನನಗೆ ಬಿಡಿಸಿಕೊಡಿ. ನಾಳೆ ಸಂಜೆಯೊಳಗೆ ಹೂಂ ಅಂದರೆ ಗುರುವಾರ ಬೆಳಿಗ್ಗೆ ಶುರು ಮಾಡುತ್ತೇನೆ.