ಎಚ್ಚರಿಕೆ ಹಾಳೆ: ದ್ವಿತೀಯ ಪಿಯು ಭೌತಶಾಸ್ತ್ರ, ತರಗತಿಯಲ್ಲಿ ‘ಇಲ್ಲಿ ಜಾರುತ್ತೀರಿ’ ಎಂದ ಜಾಗಗಳು

ದರ್ಪಣ (ಅತಿ ಹೆಚ್ಚು ಅಂಕ ಹೋಗುವುದು ಇಲ್ಲೇ): ದರ್ಪಣಕ್ಕೆ 1/v + 1/u = 1/f, ಮಸೂರಕ್ಕೆ 1/v − 1/u = 1/f. ಮೊದಲು ಚಿಹ್ನೆ ಹಾಕಿ, ಆಮೇಲೆ ಸೂತ್ರಕ್ಕಿಳಿಸಿ. ನಿಮ್ನ ದರ್ಪಣ, f = −15 cm, u = −10 cm ಆದರೆ v = +30 cm: ಮಿಥ್ಯ, ನೇರ, 3 ಪಟ್ಟು ದೊಡ್ಡ ಬಿಂಬ. f‌ಗೆ ಮಾತ್ರ ಋಣ ಚಿಹ್ನೆ ಹಾಕಿ u‌ಗೆ ಮರೆತರೆ −6 cm ಬರುತ್ತದೆ. ಎರಡಕ್ಕೂ ಮರೆತರೆ −30 cm. ಸಂಖ್ಯೆ ಸರಿಯಿರುವುದರಿಂದ ತಪ್ಪು ಕಣ್ಣಿಗೇ ಬೀಳುವುದಿಲ್ಲ, ಬಿಂಬ ಸತ್ಯ ಎಂದು ಬರೆದುಬಿಡುತ್ತೀರಿ.

ಮಸೂರದ ಸಾಮರ್ಥ್ಯ: f ಮೀಟರಿನಲ್ಲೇ ಇರಬೇಕು. 20 cm ಎಂದರೆ 5 D, 0.05 ಅಲ್ಲ.

ಕೆಪಾಸಿಟರ್ ಒಳಗೆ K ಇರುವ ಡೈಎಲೆಕ್ಟ್ರಿಕ್ ತುಂಬಿದರೆ? ‘ಬ್ಯಾಟರಿ ತೆಗೆದ ಮೇಲೆ’ ಎಂಬ ಪದಗಳಿಗೆ ಅಡಿಗೆರೆ ಎಳೆಯಿರಿ. ಬ್ಯಾಟರಿ ಇದ್ದರೆ V ಸ್ಥಿರ, ಶಕ್ತಿ K ಪಟ್ಟು. ತೆಗೆದಿದ್ದರೆ Q ಸ್ಥಿರ, ಶಕ್ತಿ 1/K.

E = 0 ಇದ್ದಲ್ಲಿ V = 0 ಆಗಲೇಬೇಕೆಂದಿಲ್ಲ. ಆವೇಶ ತುಂಬಿದ ಒಂಟಿ ವಾಹಕ ಗೋಳದೊಳಗೆ V ಮೇಲ್ಮೈಯಲ್ಲಿದ್ದಷ್ಟೇ.

ಒಂದೇ ವೋಲ್ಟೇಜಿನ 60 W, 100 W ಬಲ್ಬುಗಳು ಸರಣಿಯಲ್ಲಿದ್ದರೆ 60 W ಹೆಚ್ಚು ಬೆಳಗುತ್ತದೆ. R = V²/P, ಅದರ ರೋಧ ಹೆಚ್ಚು; ಕರೆಂಟ್ ಎರಡಕ್ಕೂ ಒಂದೇ.

ದ್ಯುತಿವಿದ್ಯುತ್: ತೀವ್ರತೆ ಹೆಚ್ಚಿಸಿದರೆ ಎಲೆಕ್ಟ್ರಾನುಗಳ ಸಂಖ್ಯೆ ಹೆಚ್ಚುತ್ತದೆ, ಗರಿಷ್ಠ ಚಲನಶಕ್ತಿಯಲ್ಲ. ಆವೃತ್ತಿ ಇಮ್ಮಡಿಸಿದರೆ ಗರಿಷ್ಠ ಚಲನಶಕ್ತಿ K ಇಮ್ಮಡಿಯಲ್ಲ, 2K + φ.

ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ. 60 ಪ್ರಶ್ನೆ, 80 ನಿಮಿಷ. ಒಂದನ್ನೂ ಖಾಲಿ ಬಿಡಬೇಡಿ.