ವಿಷಯ: ಕರಡು ತಿದ್ದುವ ಕೆಲಸಕ್ಕೆ ಜೂನ್ 9ರಂದು ಕಳಿಸಿದ ರೆಸ್ಯುಮೆ ತಲುಪಿದೆಯೇ?

ಸಂಪಾದಕೀಯ ವಿಭಾಗದವರಿಗೆ ನಮಸ್ಕಾರ.

ನಾನು ಹುಬ್ಬಳ್ಳಿಯ ಸವಿತಾ. ನಿಮ್ಮ ಪ್ರಕಾಶನಕ್ಕೆ ಕರಡು ತಿದ್ದುವವರು ಬೇಕು ಎಂಬ ಜಾಹೀರಾತು ನೋಡಿ, ಹೋದ ಸೋಮವಾರ, ಅಂದರೆ ಜೂನ್ 9ರಂದು ಬೆಳಿಗ್ಗೆ 11 ಗಂಟೆ ಸುಮಾರಿಗೆ ಇದೇ ವಿಳಾಸಕ್ಕೆ ರೆಸ್ಯುಮೆ ಕಳಿಸಿದ್ದೆ. ಇವತ್ತಿಗೆ ಒಂದು ವಾರವಾಯಿತು. ಅದು ನಿಮಗೆ ಬಂದು ಸೇರಿದೆಯೇ, ಸೇರಿದ್ದರೆ ಓದಲು ಬಂತೇ ಎಂದು ಕೇಳಲು ಈ ಮೇಲ್ ಬರೆಯುತ್ತಿದ್ದೇನೆ.

ಆಯ್ಕೆ ಏನಾಯಿತು ಎಂದು ಕೇಳುತ್ತಿಲ್ಲ. ಅರ್ಜಿ ಹಾಕಲು 20ನೇ ತಾರೀಖಿನವರೆಗೆ ಸಮಯವಿದೆ. ಬಂದ ಅರ್ಜಿಗಳನ್ನು ನೀವಿನ್ನೂ ತೆರೆದೂ ಇರಲಿಕ್ಕಿಲ್ಲ. ಆದರೆ ‘ಓದಲು ಬಂತೇ’ ಎಂದು ಕೇಳುವುದಕ್ಕೆ ಒಂದು ಕಾರಣವಿದೆ. ತಪ್ಪು ನನ್ನದೇ.

ರೆಸ್ಯುಮೆಯನ್ನು ನಾನು ಯುನಿಕೋಡ್‌ನಲ್ಲಿ ಟೈಪ್ ಮಾಡಿರಲಿಲ್ಲ. ಪ್ರೆಸ್ಸಿನಲ್ಲಿ ಇದ್ದಾಗಿನ ಅಭ್ಯಾಸ, ಕೈ ತಾನಾಗಿಯೇ ನುಡಿಯ ಹಳೆಯ ಫಾಂಟಿಗೆ ಹೋಗುತ್ತದೆ. ಅದೇ ವರ್ಡ್ ಫೈಲನ್ನು ಹಾಗೆಯೇ ಲಗತ್ತಿಸಿ ಕಳಿಸಿಬಿಟ್ಟೆ. ಮೊನ್ನೆ ಶನಿವಾರ ರಾತ್ರಿ, ಇನ್ನೊಮ್ಮೆ ನೋಡೋಣ ಎಂದು ಸುಮ್ನೆ ಫೋನಿನಲ್ಲಿ ತೆರೆದೆ. ‘ಕನ್ನಡ’ ಎಂದು ಇರಬೇಕಾದ ಕಡೆ PÀ£ÀßqÀ ಎಂದಿತ್ತು. ಎರಡು ಪುಟವೂ ಹಾಗೆಯೇ. ಆ ಫಾಂಟ್ ಇಲ್ಲದ ಕಡೆ ಹೀಗೇ ಕಾಣುತ್ತದೆ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಲೇಖಕರು ಇಂಥ ಫೈಲ್ ಕಳಿಸಿದಾಗ ಅವರಿಗೆ ಫೋನ್ ಮಾಡಿ, ‘ಸರ್, ಜೊತೆಗೆ ಒಂದು ಪಿಡಿಎಫ್ ಕೂಡ ಕಳಿಸಿ’ ಎಂದು ಹೇಳುತ್ತಿದ್ದವಳೇ ನಾನು. ನನ್ನ ಸರದಿ ಬಂದಾಗ ಮರೆತೆ.

ಹಾಗೆ ಕಲಸಿಹೋದ ಪುಟದಲ್ಲಿ ಸರಿಯಾಗಿ ಉಳಿದಿದ್ದು ಅಂಕಿಗಳು ಮಾತ್ರ. ಅಕ್ಷರಗಳು ಅಡ್ಡ ಬರದೆ ಇದ್ದಿದ್ದರಿಂದ ಒಂದು ಅಂಕಿ ಥಟ್ಟನೆ ಕಣ್ಣಿಗೆ ಬಿತ್ತು. ಕರಡು ತಿದ್ದುವ ಕೆಲಸ ‘2014ರಿಂದ’ ಎಂದು ಇರಬೇಕಿತ್ತು, ‘2041ರಿಂದ’ ಎಂದು ಹೊಡೆದಿದ್ದೇನೆ! ಅದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪದಗಳನ್ನು ಒಂದು ಸಲ ಓದಿ, ಅಂಕಿಗಳನ್ನು ಮಾತ್ರ ಬೇರೆಯಾಗಿ ಇನ್ನೊಂದು ಸಲ ನೋಡಬೇಕು ಎಂದು ಹೊಸದಾಗಿ ಸೇರಿದವರಿಗೆ ನಾನೇ ಹೇಳಿಕೊಡುತ್ತಿದ್ದೆ. ಬೇರೆ ಕೆಲಸಕ್ಕಾಗಿದ್ದರೆ ಮುಚ್ಚಿಡಬಹುದಿತ್ತೇನೋ. ಕರಡು ತಿದ್ದುವ ಕೆಲಸ ಕೇಳುತ್ತಾ ಮುಚ್ಚಿಡುವುದು ಸರಿಯಲ್ಲ ಅನ್ನಿಸಿತು. ನಿಮ್ಮ ಕಂಪ್ಯೂಟರಿನಲ್ಲಿ ಫೈಲ್ ಸರಿಯಾಗಿ ತೆರೆದಿದ್ದರೆ ನೀವು ಆಗಲೇ ಅದನ್ನು ನೋಡಿರುತ್ತೀರಿ.

ತಿದ್ದಿದ ರೆಸ್ಯುಮೆಯನ್ನು ಈ ಮೇಲ್ ಜೊತೆ ಪಿಡಿಎಫ್ ಆಗಿ ಕಳಿಸುತ್ತಿದ್ದೇನೆ. ದಯವಿಟ್ಟು ಹಳೆಯದನ್ನು ಬಿಟ್ಟು ಇದನ್ನೇ ಇಟ್ಟುಕೊಳ್ಳಿ. ಯುನಿಕೋಡ್‌ನಲ್ಲಿ ಟೈಪ್ ಮಾಡಿದ್ದೇನೆ. ನನ್ನ ಫೋನಿನಲ್ಲೂ ತಮ್ಮನ ಲ್ಯಾಪ್‌ಟಾಪಿನಲ್ಲೂ ತೆರೆದು ನೋಡಿಯೇ ಲಗತ್ತಿಸಿದ್ದೇನೆ.

ಇನ್ನೊಂದು ಅನುಮಾನವೂ ಇದೆ. ನೀವು ಕೇಳಿದ್ದಂತೆ, ನಾನು ಕೈಯಲ್ಲಿ ತಿದ್ದಿದ ಎರಡು ಪುಟಗಳ ಸ್ಕ್ಯಾನ್‌ಗಳನ್ನೂ ಹೋದ ಸಲ ಸೇರಿಸಿದ್ದೆ. ಎಲ್ಲಾ ಸೇರಿ 14 ಎಂಬಿ ಆಗಿತ್ತು. ಮೇಲ್ ನನಗೆ ವಾಪಸ್ ಬಂದಿಲ್ಲ. ಆದರೂ ಅಷ್ಟು ದೊಡ್ಡದಾಗಿದ್ದರಿಂದ ಎಲ್ಲೋ ಸ್ಪ್ಯಾಮ್‌ಗೆ ಹೋಗಿದೆಯೇನೋ ಎಂಬ ಅಳುಕು. ಈ ಸಲ ಅವನ್ನೇ ಚಿಕ್ಕದು ಮಾಡಿ ಕಳಿಸಿದ್ದೇನೆ, ಒಟ್ಟು 2 ಎಂಬಿ ಕೂಡ ಇಲ್ಲ. ಅಂಚಿನಲ್ಲಿ ಹಾಕಿದ ಗುರುತುಗಳು ಸ್ಪಷ್ಟವಾಗಿಯೇ ಕಾಣುತ್ತವೆ.

ಲಗತ್ತು ಈ ಸಲವೂ ತೆರೆಯದಿದ್ದರೆ ಎಂದು, ಮುಖ್ಯವಾದ ವಿಷಯ ಇಲ್ಲೇ ಬರೆದುಬಿಡುತ್ತೇನೆ.

ಧಾರವಾಡದಲ್ಲಿ ಕನ್ನಡ ಎಂ.ಎ. ಮಾಡಿದ್ದೇನೆ. 2012ರಲ್ಲಿ ಹುಬ್ಬಳ್ಳಿಯ ಒಂದು ಪ್ರೆಸ್ಸಿಗೆ ಡಿಟಿಪಿ ಕೆಲಸಕ್ಕೆ ಸೇರಿದೆ. 2014ರಿಂದ (ಹೌದು, 2014ರಿಂದಲೇ) ಅಲ್ಲೇ ಪುಸ್ತಕಗಳ ಕರಡು ತಿದ್ದುತ್ತಿದ್ದೆ. ಈ ವರ್ಷ ಮಾರ್ಚ್‌ನಲ್ಲಿ ಅವರು ಪುಸ್ತಕದ ಕೆಲಸ ನಿಲ್ಲಿಸಿದರು. ಈಗ ಲಗ್ನಪತ್ರಿಕೆ, ಬಿಲ್ ಬುಕ್ ಮಾತ್ರ ಮಾಡುತ್ತಾರೆ. ನಾನು ಬಿಟ್ಟಿದ್ದಕ್ಕೆ ಬೇರೆ ಕಾರಣವಿಲ್ಲ. ಡೆಮಿ 1/8 ಅಳತೆಯ ಪುಸ್ತಕವಾದರೆ ಮೊದಲ ಪ್ರೂಫ್ ದಿನಕ್ಕೆ 35 ಪುಟ ನೋಡುತ್ತೇನೆ. ಅಡಿಟಿಪ್ಪಣಿ ಜಾಸ್ತಿ ಇದ್ದರೆ 20 ಪುಟ. ಅದಕ್ಕಿಂತ ಹೆಚ್ಚು ಮಾಡುತ್ತೇನೆ ಎಂದು ಹೇಳಿ ಆಮೇಲೆ ನಿಮ್ಮಿಂದ ಬೈಸಿಕೊಳ್ಳುವುದಿಲ್ಲ.

ಹಳೆಯ ಪುಸ್ತಕಗಳನ್ನು ಯುನಿಕೋಡ್‌ಗೆ ತಂದು ಮರುಮುದ್ರಣ ಮಾಡುತ್ತಿರುವುದಾಗಿ ಜಾಹೀರಾತಿನಲ್ಲಿ ಹೇಳಿದ್ದೀರಿ. ನನಗೆ ಈ ಕೆಲಸದ ಮೇಲೆ ಆಸೆ ಹುಟ್ಟಿದ್ದೇ ಆ ಸಾಲು ಓದಿ. ಫೈಲ್ ಪರಿವರ್ತನೆ ಮಾಡಿದ ಮೇಲೆ ಉಳಿಯುವ ತಪ್ಪುಗಳು ಟೈಪಿಂಗ್ ತಪ್ಪುಗಳ ಹಾಗಲ್ಲ. ‘ಸೂರ್ಯ’ ಎಂಬ ಪದ ಒಂದು ಪುಟದಲ್ಲಿ ಅರ್ಕಾವತ್ತಿನಿಂದ ಇರುತ್ತದೆ, ಇನ್ನೊಂದರಲ್ಲಿ ರ ಅಕ್ಷರಕ್ಕೆ ಯ ಒತ್ತು ಕೊಟ್ಟು ಇರುತ್ತದೆ. ಓದುವವರಿಗೆ ಎರಡೂ ಒಂದೇ. ಒಂದನ್ನು ಕೊಟ್ಟು ಹುಡುಕಿದರೆ ಮಾತ್ರ ಇನ್ನೊಂದು ಸಿಗುವುದಿಲ್ಲ. ಪದಸೂಚಿ ಮಾಡುವ ಹೊತ್ತಿಗೆ ಇದು ಕಾಡುತ್ತದೆ. ಹಾಗಾಗಿ ಪರಿವರ್ತನೆಯಾದ ಫೈಲನ್ನು ತೆರೆಯ ಮೇಲಷ್ಟೇ ನೋಡಿ ಬಿಡಬಾರದು, ಹಳೆಯ ಅಚ್ಚಿನ ಪ್ರತಿ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಬೇಕು. ಕಳೆದ ಎರಡು ವರ್ಷ ನಾನು ಮಾಡಿದ್ದು ಹೆಚ್ಚಾಗಿ ಇದೇ ಕೆಲಸ.

ಕಾದಂಬರಿಗಳನ್ನೂ ನೋಡಿದ್ದೇನೆ. ನಮ್ಮ ಕಡೆಯ ಮಾತಿನಲ್ಲಿ ‘ಹೋಗ್ಯಾನ’ ಎಂದಿದ್ದರೆ ಅದನ್ನು ‘ಹೋಗಿದ್ದಾನೆ’ ಮಾಡಿಬಿಡುವವರಿದ್ದಾರೆ. ನಾನು ಅದನ್ನು ಮುಟ್ಟುವುದಿಲ್ಲ. ಅದೇ ಪಾತ್ರ ಹತ್ತು ಪುಟದ ನಂತರ ‘ಹೋಗಿದ್ದಾನೆ’ ಎಂದರೆ ಅಂಚಿನಲ್ಲಿ ಪ್ರಶ್ನೆ ಗುರುತು ಹಾಕಿ ಲೇಖಕರನ್ನು ಕೇಳುತ್ತೇನೆ. ಸ್ಕ್ಯಾನ್ ಮಾಡಿದ ಎರಡನೇ ಪುಟದಲ್ಲಿ ಇಂಥದ್ದೊಂದು ಇದೆ, ನೋಡಬಹುದು.

ಮೊದಲ ಮೂರು ತಿಂಗಳು ಬೆಂಗಳೂರಿನ ಕಚೇರಿಗೆ ಬಂದು ಕೆಲಸ ಮಾಡಬೇಕು ಎಂದಿದ್ದೀರಿ. ಒಪ್ಪಿಗೆಯಿದೆ. ಬಸವನಗುಡಿಯಲ್ಲಿ ಚಿಕ್ಕಮ್ಮನ ಮನೆಯಿದೆ, ಉಳಿಯುವ ಚಿಂತೆಯಿಲ್ಲ. ಪರೀಕ್ಷೆ ಅಥವಾ ಸಂದರ್ಶನ ಇದ್ದರೆ ಒಂದು ದಿನ ಮೊದಲು ಹೇಳಿದರೂ ಸಾಕು, ರಾತ್ರಿ ರೈಲಿಗೆ ಹೊರಟು ಬೆಳಿಗ್ಗೆ ಬರುತ್ತೇನೆ. ಜೂನ್ 25 ಮತ್ತು 26 ಮಾತ್ರ ಮನೆಯಲ್ಲಿ ತಂಗಿಯ ಮದುವೆ, ಆ ಎರಡು ದಿನ ಕಷ್ಟ.

ನಿಮ್ಮಿಂದ ಸದ್ಯಕ್ಕೆ ಕೇಳುವುದು ಇಷ್ಟೇ: ‘ಬಂದಿದೆ, ತೆರೆಯಿತು’ ಎಂದು ಒಂದು ಸಾಲು ಬರೆದರೆ ಸಾಕು. ಮೇಲ್ ಬರೆಯಲು ಬಿಡುವಿಲ್ಲದಿದ್ದರೆ ಮಿಸ್ಡ್ ಕಾಲ್ ಕೊಡಿ, ನಾನೇ ವಾಪಸ್ ಮಾಡುತ್ತೇನೆ. ನಂಬರ್ ರೆಸ್ಯುಮೆಯ ಮೊದಲ ಪುಟದ ಮೇಲ್ಭಾಗದಲ್ಲಿದೆ. ತೆರೆಯದಿದ್ದರೆ ಅದನ್ನೂ ತಿಳಿಸಿ. 20ರ ಒಳಗೆ ನಿಮಗೆ ಸಿಗುವ ಹಾಗೆ ಪ್ರಿಂಟ್ ತೆಗೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತೇನೆ. ಬುಧವಾರದೊಳಗೆ ಗೊತ್ತಾದರೆ ಅಷ್ಟಕ್ಕೆ ಸಮಯ ಸಿಗುತ್ತದೆ.

ಎರಡನೇ ಸಲ ಮೇಲ್ ಕಳಿಸಿ ನಿಮ್ಮ ಕೆಲಸಕ್ಕೆ ಅಡ್ಡಿ ಮಾಡಿದ್ದರೆ ಬೇಸರ ಮಾಡಿಕೊಳ್ಳಬೇಡಿ.

ಇಂತಿ,
ಸವಿತಾ
ವಿದ್ಯಾನಗರ, ಹುಬ್ಬಳ್ಳಿ
16 ಜೂನ್ 2025, ಸೋಮವಾರ

ಲಗತ್ತು: ರೆಸ್ಯುಮೆ (ಪಿಡಿಎಫ್, 2 ಪುಟ), ತಿದ್ದಿದ ಕರಡಿನ ಸ್ಕ್ಯಾನ್ (2 ಪುಟ)

ಮರೆತ ಮಾತು: ಈ ಮೇಲ್‌ನಲ್ಲಿರುವ ಅಂಕಿಗಳನ್ನು ಬೇರೆಯಾಗಿ ಇನ್ನೊಮ್ಮೆ ನೋಡಿದ್ದೇನೆ.