ಅಜ್ಜಿಯ ಕೊನೆಯ ದಿನಗಳಲ್ಲಿ ತಪ್ಪಿಹೋದ ಕಿರುಪರೀಕ್ಷೆ: ಕ್ಲಾಸ್ ಟೀಚರ್‌ಗೆ ಪತ್ರ

ದಿನಾಂಕ: 18-08-2025
ಸಾಗರ

ಇವರಿಂದ,
ಸಿಂಧು ಕೆ.
ದ್ವಿತೀಯ ಪಿಯುಸಿ, ವಾಣಿಜ್ಯ, ‘ಬಿ’ ಸೆಕ್ಷನ್
ಕ್ರಮ ಸಂಖ್ಯೆ 34

ಇವರಿಗೆ,
ಕ್ಲಾಸ್ ಟೀಚರ್ ಅವರು
ದ್ವಿತೀಯ ಪಿಯುಸಿ, ವಾಣಿಜ್ಯ, ‘ಬಿ’ ಸೆಕ್ಷನ್
ಸರ್ಕಾರಿ ಪದವಿಪೂರ್ವ ಕಾಲೇಜು, ಸಾಗರ

ವಿಷಯ: ತಪ್ಪಿಹೋದ ನಾಲ್ಕು ಕಿರುಪರೀಕ್ಷೆಗಳನ್ನು ಮತ್ತೆ ಬರೆಯಲು ಅವಕಾಶ ಕೋರಿ

ಮಾನ್ಯ ಮೇಡಂ,

ಜುಲೈ 28ರಿಂದ 31ರವರೆಗೆ ನಡೆದ ಮೊದಲ ಕಿರುಪರೀಕ್ಷೆಯಲ್ಲಿ ನಾನು ಬರೆದದ್ದು ಮೊದಲ ದಿನದ ಕನ್ನಡ ಮತ್ತು ಇಂಗ್ಲಿಷ್ ಮಾತ್ರ. ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನ, ಅರ್ಥಶಾಸ್ತ್ರ, ಇತಿಹಾಸ ನಾಲ್ಕೂ ತಪ್ಪಿಹೋದವು. ಆ ದಿನಗಳಲ್ಲಿ ನಮ್ಮ ಅಜ್ಜಿ, ಅಂದರೆ ಅಪ್ಪನ ಅಮ್ಮ, ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದರು. ಆಗಸ್ಟ್ 1ರ ಬೆಳಗಿನ ಜಾವ ತೀರಿಕೊಂಡರು. ಆ ನಾಲ್ಕು ವಿಷಯಗಳ ಪರೀಕ್ಷೆಯನ್ನು ಮತ್ತೆ ಬರೆಯಲು ಅವಕಾಶ ಕೊಡಿ ಎಂದು ಕೇಳಿಕೊಳ್ಳುತ್ತೇನೆ.

ಅಜ್ಜಿಗೆ ಉಬ್ಬಸ ಹಳೆಯದು. ಪ್ರತಿ ಮಳೆಗಾಲಕ್ಕೂ ಜಾಸ್ತಿಯಾಗುತ್ತಿತ್ತು, ಬಿಸಿಲು ಬಂದರೆ ಸರಿಹೋಗುತ್ತಿತ್ತು. ಈ ಸಲ ನ್ಯುಮೋನಿಯಾಕ್ಕೆ ತಿರುಗಿತು. ಜುಲೈ 26ರ ರಾತ್ರಿ ಸಾಗರದಲ್ಲೇ ಸೇರಿಸಿದ್ದೆವು. ಸೋಮವಾರ ಇಂಗ್ಲಿಷ್ ಪರೀಕ್ಷೆ ಮುಗಿಸಿ ಅಲ್ಲಿಗೆ ಹೋದರೆ, ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಅಂದಿದ್ದರು. ನಾನು ಕಾಲೇಜಿನ ಬಟ್ಟೆಯಲ್ಲೇ ಆಂಬುಲೆನ್ಸ್ ಹತ್ತಿದೆ. ಲೆಕ್ಕಶಾಸ್ತ್ರದ ಪುಸ್ತಕ ಬ್ಯಾಗಿನಲ್ಲೇ ಇತ್ತು.

ನೀನೇ ಯಾಕೆ ಹೋಗಬೇಕಿತ್ತು ಅಂತ ನಿಮಗೆ ಅನ್ನಿಸಬಹುದು. ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರನ್ನು ಉಳಿಯಲು ಬಿಡುವುದಿಲ್ಲ. ಅಪ್ಪ ಹೊರಗೆ ಮೆಟ್ಟಿಲ ಹತ್ತಿರ ಟವೆಲ್ ಹಾಸಿಕೊಂಡು ಮಲಗುತ್ತಿದ್ದರು. ಅಮ್ಮನಿಗೆ ಮನೆ ಬಿಡುವಂತಿರಲಿಲ್ಲ. ಕರೆಯುವ ಹಸು ಎರಡಿವೆ, ತಮ್ಮ ಇನ್ನೂ ಮೂರನೇ ಕ್ಲಾಸು. ಅಜ್ಜಿಯ ಹತ್ತಿರ ಕೂರುವುದಕ್ಕೆ ಉಳಿದವಳು ನಾನೊಬ್ಬಳೇ. ಮೂಗಿಗೆ ಹಾಕಿದ ಆಕ್ಸಿಜನ್ ಮಾಸ್ಕನ್ನು ನಿದ್ದೆಯಲ್ಲಿ ಕಿತ್ತು ಹಾಕುತ್ತಿದ್ದರು. ಅದನ್ನು ಮತ್ತೆ ಸರಿಮಾಡುವುದು, ಚಮಚದಲ್ಲಿ ಗಂಜಿ ತಿಳಿ ಕುಡಿಸುವುದು, ಇಷ್ಟೇ ಕೆಲಸ. ಆದರೆ ರಾತ್ರಿಯಿಡೀ ಎಚ್ಚರ ಇರಬೇಕಿತ್ತು.

ಮಂಗಳವಾರ ಬೆಳಿಗ್ಗೆ ಅಜ್ಜಿಗೆ ಸ್ವಲ್ಪ ಮಾತು ಬಂತು. ನನ್ನ ಯೂನಿಫಾರಂ ನೋಡಿ, “ನಿಂಗೆ ಪರೀಕ್ಷೆ ಇತ್ತಲ್ವಾ?” ಎಂದು ಕೇಳಿದರು. “ಮುಂದಕ್ಕೆ ಹಾಕಿದ್ದಾರೆ ಅಜ್ಜಿ” ಎಂದು ಸುಳ್ಳು ಹೇಳಿದೆ. ಅವರು ನಂಬಿದರೋ ಇಲ್ಲವೋ ಗೊತ್ತಿಲ್ಲ, ಹೋಗು ಅಂತ ಮಾತ್ರ ಅನ್ನಲಿಲ್ಲ. ಅದೇ ಹೊತ್ತಿಗೆ ಇಲ್ಲಿ ಲೆಕ್ಕಶಾಸ್ತ್ರ ಶುರುವಾಗಿತ್ತು.

ನನ್ನದೊಂದು ತಪ್ಪಿದೆ ಮೇಡಂ. ಪರೀಕ್ಷೆಗೆ ಬರಲಾಗುವುದಿಲ್ಲ ಎಂದು ಆವತ್ತೇ ನಿಮಗೆ ಫೋನ್ ಮಾಡಬೇಕಿತ್ತು. ನಾಳೆ ಡಿಸ್ಚಾರ್ಜ್ ಆಗಬಹುದು, ಉಳಿದದ್ದಾದರೂ ಬರೆಯಬಹುದು ಅಂದುಕೊಂಡು ದಿನ ತಳ್ಳಿದೆ. ಕೊನೆಗೆ ಗೆಳತಿಯ ಮೂಲಕ ಹೇಳಿ ಕಳಿಸಿದ್ದು ಅಜ್ಜಿ ಹೋದ ಮೇಲೆ. ಅದಕ್ಕೆ ಕ್ಷಮೆ ಇರಲಿ. ಆಗಸ್ಟ್ 13ಕ್ಕೆ ಉತ್ತರಕ್ರಿಯೆ ಮುಗಿಯಿತು, 14ರಿಂದ ಕ್ಲಾಸಿಗೆ ಬರುತ್ತಿದ್ದೇನೆ. ಆವತ್ತೇ ನಿಮ್ಮನ್ನು ಕಾಣಲು ಸ್ಟಾಫ್ ರೂಮಿಗೆ ಬಂದಿದ್ದೆ. ನೀವು ಸ್ವಾತಂತ್ರ್ಯ ದಿನದ ತಯಾರಿಯಲ್ಲಿದ್ದಿರಿ, ಸುಮ್ನೆ ತೊಂದರೆ ಕೊಡುವುದು ಬೇಡ ಎಂದು ವಾಪಸ್ ಹೋದೆ.

ಬೋರ್ಡ್ ಪರೀಕ್ಷೆ 80 ಅಂಕಕ್ಕೆ, ಉಳಿದ 20 ಆಂತರಿಕ. ಆ 20ರಲ್ಲಿ ಕಿರುಪರೀಕ್ಷೆಯ ಲೆಕ್ಕವೂ ಇದೆ. ನಾಲ್ಕು ವಿಷಯಕ್ಕೆ ‘ಗೈರುಹಾಜರಿ’ ಎಂದು ಬಿದ್ದರೆ ನನಗೆ ದೊಡ್ಡ ಹೊಡೆತ.

ಇನ್ನೊಂದು ಮಾತು. ಆ ದಿನಗಳ ಪ್ರಶ್ನೆಪತ್ರಿಕೆಗಳನ್ನು ನೋಟ್ಸ್ ಬರೆದುಕೊಳ್ಳುವಾಗ ಗೆಳತಿಯರ ಹತ್ತಿರ ನೋಡಿಬಿಟ್ಟಿದ್ದೇನೆ. ಹಾಗಾಗಿ ದಯವಿಟ್ಟು ಬೇರೆ ಪತ್ರಿಕೆಯನ್ನೇ ಕೊಡಿ. ವ್ಯವಹಾರ ಅಧ್ಯಯನ ಮತ್ತು ಇತಿಹಾಸಕ್ಕೆ ನಾನು ಈ ವಾರವೇ ತಯಾರು. ಅರ್ಥಶಾಸ್ತ್ರ ಮುಂದಿನ ವಾರ ಆಗಬಹುದು. ಲೆಕ್ಕಶಾಸ್ತ್ರಕ್ಕೆ ಮಾತ್ರ ಹತ್ತು ದಿನ ಸಮಯ ಬೇಕು. ಪಾಲುದಾರನ ಸೇರ್ಪಡೆಯ ಪಾಠ ನಾನಿಲ್ಲದಾಗ ನಡೆದಿದೆ, ಪುನರ್ಮೌಲ್ಯಮಾಪನ ಖಾತೆಯ ಲೆಕ್ಕ ಇನ್ನೂ ಸರಿಯಾಗಿ ಕೂರುತ್ತಿಲ್ಲ. ಕ್ಲಾಸ್ ತಪ್ಪದ ಹಾಗೆ ಸಂಜೆ ಬಿಟ್ಟ ಮೇಲೆ ಅಥವಾ ಶನಿವಾರ ಮಧ್ಯಾಹ್ನ ಇಟ್ಟರೂ ಬರುತ್ತೇನೆ. ನಮ್ಮೂರಿಗೆ ಕೊನೆಯ ಬಸ್ಸು ಆರೂವರೆಗೆ. ಅದು ತಪ್ಪಿದರೆ ಅಪ್ಪ ಬಂದು ಕರೆದುಕೊಂಡು ಹೋಗುತ್ತಾರೆ.

ಆಯಾ ವಿಷಯದ ಉಪನ್ಯಾಸಕರನ್ನು ನಾನೇ ಹೋಗಿ ಕೇಳುತ್ತೇನೆ. ಅದಕ್ಕೆ ಮೊದಲು ನಿಮ್ಮ ಒಪ್ಪಿಗೆ ಬೇಕು, ಪ್ರಾಂಶುಪಾಲರಿಗೂ ನೀವು ಒಂದು ಮಾತು ಹೇಳಿದರೆ ಉಪಕಾರವಾಗುತ್ತದೆ. ಆಸ್ಪತ್ರೆಯ ಚೀಟಿಗಳ ಜೆರಾಕ್ಸ್ ಮತ್ತು ಅಪ್ಪನ ಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ಮರಣ ಪ್ರಮಾಣಪತ್ರ ಇನ್ನೂ ಕೈಗೆ ಬಂದಿಲ್ಲ, ಬಂದ ದಿನವೇ ತಂದು ಕೊಡುತ್ತೇನೆ.

ನಾಳೆ ಮಧ್ಯಾಹ್ನದ ಬಿಡುವಿನಲ್ಲಿ ಸ್ಟಾಫ್ ರೂಮಿನ ಹತ್ತಿರ ಬರುತ್ತೇನೆ ಮೇಡಂ.

ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ,
ಸಿಂಧು ಕೆ.

ಪೋಷಕರ ಸಹಿ: (ಅಪ್ಪ ಸಹಿ ಮಾಡಿದ್ದಾರೆ)